ಅಂಗೈಯಲ್ಲಿ ಗಟ್ಟಿ ಗಂಟು ಹಾಗೂ ಉಂಗುರ ಬೆರಳಿನ ನಿಧಾನ ಬಾಗುವಿಕೆ: ಆರಂಭದಲ್ಲಿಯೇ ಲಭ್ಯವಿರುವ ಚಿಕಿತ್ಸಾ ಮಾರ್ಗಗಳ ಕುರಿತು ಮಾಹಿತಿ

ಕುಂದಾಪುರ, ಬೈಂದೂರು ಹಾಗೂ ಬ್ರಹ್ಮಾವರ ತಾಲ್ಲೂಕುಗಳ ಸಾರ್ವಜನಿಕರ ಅವಗಾಹನೆಗಾಗಿ

ಅಂಗೈಯಲ್ಲಿ, ಉಂಗುರ ಬೆರಳಿನ ನೇರಕ್ಕೆ, ಚರ್ಮದ ಅಡಿಯಲ್ಲಿ ಕಡಲೆಕಾಳಿನಷ್ಟು ಅಥವಾ ಅದಕ್ಕಿಂತ ತುಸು ದೊಡ್ಡದಾದ ಗಟ್ಟಿ ಗಂಟೊಂದು ಕಾಣಿಸಿಕೊಂಡು, ಕೆಲವು ತಿಂಗಳು ಅಥವಾ ವರ್ಷಗಳ ನಂತರ ಅದರಿಂದ ಬೆರಳಿನ ಕಡೆಗೆ ಹುರಿಯಂತಹ ಎಳೆಯೊಂದು ಬೆಳೆದು, ಬೆರಳು ಕ್ರಮೇಣ ಅಂಗೈಯತ್ತ ಬಾಗತೊಡಗುವುದುಂಟು. ಈ ಸ್ಥಿತಿಗೆ ವೈದ್ಯಕೀಯದಲ್ಲಿ ಡುಪ್ಯುಟ್ರೆನ್ ಕಾಂಟ್ರಾಕ್ಚರ್ ಎಂದು ಹೆಸರು. ಗಂಟು ಸಾಮಾನ್ಯವಾಗಿ ನೋಯುವುದಿಲ್ಲವಾದ್ದರಿಂದ ಬಹುತೇಕರು ಅದನ್ನು ಕೆಲಸದಿಂದ ಬಂದ ಜಡ್ಡು ಎಂದು ಭಾವಿಸಿ ಸುಮ್ಮನಿರುತ್ತಾರೆ. ಬೆರಳು ಅರ್ಧಕ್ಕಿಂತ ಹೆಚ್ಚು ಮಡಚಿದ ಮೇಲೆ ಆಸ್ಪತ್ರೆಗೆ ಬಂದಲ್ಲಿ ಸರಳ ಚಿಕಿತ್ಸೆಗಳ ಅವಕಾಶ ಕಡಿಮೆಯಾಗಿರುತ್ತದೆ. ಆದುದರಿಂದ ಯಾವ ಹಂತದಲ್ಲಿ ಏನು ಮಾಡಬಹುದು, ಯಾವ ಹಂತದಲ್ಲಿ ಏನನ್ನೂ ಮಾಡದಿರುವುದೇ ಸರಿ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಇದು ಏನು, ಎಲ್ಲಿ ಉಂಟಾಗುತ್ತದೆ

ಅಂಗೈಯ ಚರ್ಮಕ್ಕೂ ಅದರ ಕೆಳಗಿರುವ ಬೆರಳನ್ನು ಮಡಚುವ ಸ್ನಾಯುರಜ್ಜುಗಳಿಗೂ ನಡುವೆ ನಾರಿನಿಂದಾದ ಒಂದು ಪೊರೆ ಇರುತ್ತದೆ. ಅಂಗೈಯ ಚರ್ಮವು ಹಿಡಿಕೆಯ ಮೇಲೆ ಜಾರದಂತೆ ಹಿಡಿದಿಡುವುದು ಈ ಪೊರೆಯ ಕೆಲಸ. ಈ ಕಾಯಿಲೆಯಲ್ಲಿ ದಪ್ಪವಾಗುವುದೂ ಕುಗ್ಗುವುದೂ ಈ ಪೊರೆಯೇ ಹೊರತು ಸ್ನಾಯುರಜ್ಜುವಲ್ಲ. ಮೊದಲು ಪೊರೆಯಲ್ಲಿ ಜೀವಕೋಶಗಳು ಗುಂಪುಗೂಡಿ ಗಂಟಾಗುತ್ತವೆ. ನಂತರ ಆ ಜಾಗದಲ್ಲಿ ನಾರಿನ ಅಂಶ ಹೆಚ್ಚಿ ಹುರಿಯಾಗುತ್ತದೆ. ಹುರಿ ಮೊಟಕಾದಂತೆ ಬೆರಳು ಎಳೆಯಲ್ಪಡುತ್ತದೆ. ಗಂಟಿನ ಬಳಿ ಚರ್ಮದಲ್ಲಿ ಸಣ್ಣ ಗುಳಿ ಬೀಳುವುದೂ, ಅಂಗೈಯ ಗೆರೆ ಆಳವಾದಂತೆ ತೋರುವುದೂ ಆರಂಭದ ಲಕ್ಷಣಗಳು.

ಹಿಂದೆ ವೈದ್ಯರಲ್ಲಿಯೂ ಅನೇಕರು ಸ್ನಾಯುರಜ್ಜುವೇ ಕುಗ್ಗಿದೆ ಎಂದು ತಿಳಿದಿದ್ದರು. ಪ್ಯಾರಿಸ್ಸಿನ ಓತೆಲ್ ದ್ಯೂ ಆಸ್ಪತ್ರೆಯ ಶಸ್ತ್ರವೈದ್ಯ ಗೀಯೋಮ್ ಡುಪ್ಯುಟ್ರೆನ್ ಅವರು ಇಂತಹ ಬೆರಳುಗಳಿದ್ದ ಮೃತ ವೃದ್ಧನೊಬ್ಬನ ಕೈಯನ್ನು ಬಿಡಿಸಿ ನೋಡಿ ಸ್ನಾಯುರಜ್ಜುಗಳು ಸರಿಯಾಗಿಯೇ ಇರುವುದನ್ನು ಕಂಡರು. 1831ರಲ್ಲಿ ಅವರು ಮದ್ಯ ವ್ಯಾಪಾರಿಯೊಬ್ಬರ ಕೈಯಲ್ಲಿ ಪೊರೆಯನ್ನಷ್ಟೇ ಕತ್ತರಿಸಿ ಬೆರಳನ್ನು ಬಿಡಿಸಿದರು. ಕಾಯಿಲೆಗೆ ಅವರ ಹೆಸರು ಉಳಿದಿರುವುದು ಇದರಿಂದ. ಇದು ಕೇವಲ ಇತಿಹಾಸದ ಮಾತಲ್ಲ. ಎಣ್ಣೆ ತಿಕ್ಕಿ "ನರ ಸಡಿಲಿಸುವ" ಪ್ರಯತ್ನ ಇಲ್ಲಿ ಏಕೆ ಫಲಿಸುವುದಿಲ್ಲ ಎಂಬುದು ಇದರಿಂದಲೇ ಸ್ಪಷ್ಟವಾಗುತ್ತದೆ. ಎಳೆಯುತ್ತಿರುವುದು ನರವೂ ಅಲ್ಲ, ಸ್ನಾಯುವೂ ಅಲ್ಲ.

ಉತ್ತರ ಯುರೋಪಿನ ಜನರಲ್ಲಿ ಇದು ಹೆಚ್ಚು, ಭಾರತದಲ್ಲಿ ಕಡಿಮೆ. ಐವತ್ತು ದಾಟಿದ ಪುರುಷರಲ್ಲಿ, ಮನೆಯ ಹಿರಿಯರಿಗೆ ಇದ್ದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ, ಧೂಮಪಾನ ಹಾಗೂ ಅತಿಯಾದ ಮದ್ಯಪಾನ ಮಾಡುವವರಲ್ಲಿ ಇದರ ಸಂಭವ ಅಧಿಕ. ನಮ್ಮ ಕಡೆ ಇಂತಹ ಗಂಟಿನೊಂದಿಗೆ ಬಂದವರಿಗೆ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸುವುದು ಈ ಕಾರಣದಿಂದ ಯುಕ್ತವೆನಿಸುತ್ತದೆ. ಫಿಟ್ಸ್‌ಗೆ ಕೊಡುವ ಫೀನೋಬಾರ್ಬಿಟೋನ್‌ನಂತಹ ಕೆಲವು ಮಾತ್ರೆಗಳೊಂದಿಗೂ ಸಂಬಂಧ ಹೇಳಲಾಗಿದೆ. ಆದರೆ ಅಂತಹ ಮಾತ್ರೆಯನ್ನು ಯಾರೂ ತಾವಾಗಿ ನಿಲ್ಲಿಸತಕ್ಕದ್ದಲ್ಲ.

ಮೇಜಿನ ಪರೀಕ್ಷೆ

ಮನೆಯಲ್ಲಿಯೇ ಮಾಡಬಹುದಾದ ಸರಳ ಪರೀಕ್ಷೆಯೊಂದಿದೆ. ಸಮತಟ್ಟಾದ ಮೇಜಿನ ಮೇಲೆ ಅಂಗೈಯನ್ನು ಕೆಳಮುಖವಾಗಿ ಇಟ್ಟು ಒತ್ತಬೇಕು. ಅಂಗೈಯೂ ಎಲ್ಲ ಬೆರಳುಗಳೂ ಪೂರ್ತಿ ತಾಗಿದರೆ ಬೆರಳು ಇನ್ನೂ ಬಾಗಿಲ್ಲವೆಂದು ತಿಳಿಯಬಹುದು. ಬೆರಳಿನ ಅಡಿಯಲ್ಲಿ ಪೆನ್ಸಿಲ್ ತೂರುವಷ್ಟು ಸಂದು ಉಳಿದರೆ ಬಾಗುವಿಕೆ ಆರಂಭವಾಗಿದೆ. ಆಗ ಮೂಳೆ ಹಾಗೂ ಕೀಲು ತಜ್ಞರನ್ನು ಅಥವಾ ಪ್ಲಾಸ್ಟಿಕ್ ಸರ್ಜನ್ ಅವರನ್ನು ಕಾಣುವುದು ಅವಶ್ಯ. ಮೇಜು ಇಲ್ಲದಿದ್ದಲ್ಲಿ ಸಿಮೆಂಟ್ ನೆಲ ಸಾಕು. ಕೈ ಮುಗಿದು ನಮಸ್ಕರಿಸುವಾಗ ಎರಡೂ ಅಂಗೈ ಕೂಡದಿರುವುದು, ಮುಖ ತೊಳೆಯುವಾಗ ಬೆರಳು ಕಣ್ಣಿಗೆ ತಾಗುವುದು, ಅಂಗಿಯ ಜೇಬಿಗೆ ಕೈ ಹಾಕುವಾಗ ಬೆರಳು ಸಿಕ್ಕಿಕೊಳ್ಳುವುದು, ಇವೂ ಅದೇ ಸೂಚನೆಗಳು. ಆದರೆ ಕೈ ಮುಗಿದಾಗ ಎಲ್ಲ ಬೆರಳುಗಳೂ ಕೂಡದೆ ಉಳಿದರೆ ಅದು ಸಕ್ಕರೆ ಕಾಯಿಲೆಯಿಂದ ಗೆಣ್ಣುಗಳು ಬಿಗಿದುಕೊಂಡಿರುವ ಬೇರೊಂದು ಸ್ಥಿತಿಯಾಗಿರಬಹುದು. ಅಲ್ಲಿ ಹುರಿ ಇರುವುದಿಲ್ಲ.

ಬೇರೆ ಕಾಯಿಲೆಯೆಂದು ತಪ್ಪು ತಿಳಿಯುವ ಸಂದರ್ಭಗಳು

ಈ ವಿಷಯಕ್ಕೆ ಸ್ವಲ್ಪ ಹೆಚ್ಚು ಗಮನ ಕೊಡುವುದು ಅವಶ್ಯವಾಗಿದೆ. ಉಂಗುರ ಬೆರಳು ಹಾಗೂ ಕಿರುಬೆರಳು ಬಾಗುವ ಇನ್ನೊಂದು ಕಾಯಿಲೆ ಕುಷ್ಠರೋಗ. ಅದರಲ್ಲಿ ಮೊಣಕೈಯ ಹಿಂದಿನಿಂದ ಹಾದುಹೋಗುವ ನರಕ್ಕೆ ಹಾನಿಯಾಗುತ್ತದೆ. ಇವೆರಡನ್ನೂ ಬೇರ್ಪಡಿಸುವ ಗುರುತುಗಳು ಹೀಗಿವೆ. ನರ ಹಾನಿಯಲ್ಲಿ ಕಿರುಬೆರಳಿನ ಕಡೆ ಸ್ಪರ್ಶ ತಿಳಿಯುವುದಿಲ್ಲ, ಬಿಸಿ ಪಾತ್ರೆ ತಾಗಿದರೂ ಅರಿವಾಗದೆ ಸುಟ್ಟ ಗಾಯಗಳಾಗುತ್ತವೆ, ಬೆರಳುಗಳನ್ನು ಅಗಲಿಸುವ ಬಲ ಕಡಿಮೆಯಾಗುತ್ತದೆ, ಅಂಗೈಯಲ್ಲಿ ಗಂಟಾಗಲಿ ಹುರಿಯಾಗಲಿ ಇರುವುದಿಲ್ಲ. ಬೆರಳಿನ ಬುಡದ ಗೆಣ್ಣು ಹಿಂದಕ್ಕೆ ನೆಟ್ಟಗಾಗಿ ನಡುಗೆಣ್ಣು ಮಾತ್ರ ಮಡಚಿರುತ್ತದೆ. ಆರಂಭದಲ್ಲಿ ಇನ್ನೊಂದು ಕೈಯಿಂದ ಹಿಡಿದರೆ ಬೆರಳು ಸುಲಭವಾಗಿ ನೇರವಾಗುತ್ತದೆ. ಡುಪ್ಯುಟ್ರೆನ್ ಸ್ಥಿತಿಯಲ್ಲಿ ಸ್ಪರ್ಶಜ್ಞಾನ ಸರಿಯಾಗಿರುತ್ತದೆ, ಸಾಮಾನ್ಯವಾಗಿ ಬುಡದ ಗೆಣ್ಣೇ ಮೊದಲು ಬಾಗುತ್ತದೆ, ಇನ್ನೊಂದು ಕೈಯಿಂದ ಎಳೆದರೂ ಬೆರಳು ನೇರವಾಗದೆ ಹುರಿ ಬಿಗಿದು ಚರ್ಮದ ಅಡಿಯಲ್ಲಿ ಎದ್ದು ಕಾಣುತ್ತದೆ. ಮರಗಟ್ಟುವಿಕೆ ಅಥವಾ ದೇಹದ ಮೇಲೆ ಸ್ಪರ್ಶವಿಲ್ಲದ ತಿಳಿಬಣ್ಣದ ಮಚ್ಚೆ ಇದ್ದಲ್ಲಿ ವಿಳಂಬ ಮಾಡದೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗತಕ್ಕದ್ದು. ಕುಷ್ಠರೋಗದ ಬಹು ಔಷಧ ಚಿಕಿತ್ಸೆ ಎಲ್ಲ ಸರ್ಕಾರಿ ಆರೋಗ್ಯ ಸಂಸ್ಥೆಗಳಲ್ಲಿ ಉಚಿತವಾಗಿದೆ. ಇದಕ್ಕೆ ವಿರುದ್ಧವಾಗಿ, ಅಂಗೈ ಹುರಿಯನ್ನು ಕುಷ್ಠವೆಂದು ಅನುಮಾನಿಸಿ ಮುಚ್ಚಿಟ್ಟುಕೊಳ್ಳುವುದಕ್ಕೂ ಕಾರಣವಿಲ್ಲ; ಇದು ಸೋಂಕಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ.

ಇನ್ನೊಂದು ಸ್ಥಿತಿಯನ್ನು ಟ್ರಿಗರ್ ಫಿಂಗರ್ ಎನ್ನುತ್ತಾರೆ. ಅದರಲ್ಲಿ ಬೆರಳು ಬೆಳಗ್ಗೆ ಮಡಚಿದಲ್ಲೇ ಸಿಕ್ಕಿಕೊಂಡು "ಟಕ್" ಎಂದು ಬಿಟ್ಟುಕೊಳ್ಳುತ್ತದೆ, ನೋವೂ ಇರುತ್ತದೆ. ಚಿಕಿತ್ಸೆ ಬೇರೆ. ಗಂಟು ಬೇಗಬೇಗ ದೊಡ್ಡದಾಗುತ್ತಿದ್ದಲ್ಲಿ, ಚರ್ಮ ಒಡೆದು ಹುಣ್ಣಾದಲ್ಲಿ ಅಥವಾ ರಾತ್ರಿ ಹೊತ್ತು ನೋಯುತ್ತಿದ್ದಲ್ಲಿ ಅದು ಈ ಕಾಯಿಲೆಯ ರೀತಿಯಲ್ಲ. ತಜ್ಞರ ಪರೀಕ್ಷೆ ಆಗಲೇಬೇಕು.

ಗಂಟಿನ ಹಂತದಲ್ಲಿ ಲಭ್ಯವಿರುವ ಮಾರ್ಗಗಳು

ಗಂಟು ಮಾತ್ರ ಇದ್ದು ಮೇಜಿನ ಪರೀಕ್ಷೆಯಲ್ಲಿ ಕೈ ಪೂರ್ತಿ ತಾಗುತ್ತಿದ್ದರೆ ಮೊದಲ ಮಾರ್ಗ ನಿಗಾ ಇಡುವುದು. ಗಂಟು ಬಂದ ಎಲ್ಲರಿಗೂ ಬೆರಳು ಬಾಗುವುದಿಲ್ಲ. ಕೆಲವರಲ್ಲಿ ಗಂಟು ವರ್ಷಗಟ್ಟಲೆ ಹಾಗೆಯೇ ಇರುತ್ತದೆ. ಆದುದರಿಂದ ಈ ಹಂತದಲ್ಲಿ ಗಂಟನ್ನು ಕೊಯ್ದು ತೆಗೆಯುವ ಸಲಹೆಯನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಕೊಯ್ದ ಜಾಗದಲ್ಲಿಯೇ ಕಾಯಿಲೆ ಕೆರಳುವ ಸಂಭವವಿದೆ. ಆದರೆ ನಿಗಾ ಎಂದರೆ ಮರೆತುಬಿಡುವುದಲ್ಲ. ಮೂರು ತಿಂಗಳಿಗೊಮ್ಮೆ ಮೇಜಿನ ಮೇಲೆ ಕೈಯಿಟ್ಟು, ಪಕ್ಕದಿಂದ ಒಂದೇ ದೂರದಲ್ಲಿ ಮೊಬೈಲ್ ಚಿತ್ರ ತೆಗೆದು ದಿನಾಂಕ ಬರೆದಿಡುವುದು ಸಾಕಾಗುತ್ತದೆ. ವೈದ್ಯರಿಗೆ "ಸ್ವಲ್ಪ ಹೆಚ್ಚಾಗಿದೆ" ಎಂದು ಹೇಳುವುದಕ್ಕಿಂತ ಇಂತಹ ನಾಲ್ಕು ಚಿತ್ರಗಳು ಹೆಚ್ಚು ಉಪಯುಕ್ತ.

ಗಂಟು ಒತ್ತಿದಾಗ ನೋಯುತ್ತಿದ್ದರೆ ಅಥವಾ ಬೆಳೆಯುತ್ತಿದ್ದರೆ ಅದರೊಳಗೆ ಸ್ಟೀರಾಯ್ಡ್ ಚುಚ್ಚುಮದ್ದನ್ನು ಕೆಲವು ವಾರಗಳ ಅಂತರದಲ್ಲಿ ಕೆಲವು ಬಾರಿ ಕೊಡಬಹುದಾಗಿದೆ. ಅಮೆರಿಕದಲ್ಲಿ 2000ದಲ್ಲಿ ಪ್ರಕಟವಾದ ಒಂದು ವರದಿಯ ಪ್ರಕಾರ ಸರಾಸರಿ ಮೂರು ಚುಚ್ಚುಮದ್ದುಗಳಿಂದ ಬಹುತೇಕ ಗಂಟುಗಳು ಮೆತ್ತಗಾಗಿ ಚಪ್ಪಟೆಯಾದವು. ಆದರೆ ಸುಮಾರು ಅರ್ಧದಷ್ಟು ಜನರಲ್ಲಿ ಒಂದರಿಂದ ಮೂರು ವರ್ಷಗಳಲ್ಲಿ ಅವು ಮತ್ತೆ ಚುರುಕಾದವು. ಬಾಗಿದ ಬೆರಳನ್ನು ಇದು ನೇರಗೊಳಿಸುವುದಿಲ್ಲ. ಚುಚ್ಚಿದ ಜಾಗದ ಚರ್ಮ ತೆಳುವಾಗುವುದು, ಬಣ್ಣ ಮಾಸುವುದು, ಅಪರೂಪವಾಗಿ ಸ್ನಾಯುರಜ್ಜು ಹರಿಯುವುದು ಇದರ ಅಡ್ಡಪರಿಣಾಮಗಳು. ಸಕ್ಕರೆ ಕಾಯಿಲೆಯವರಲ್ಲಿ ಕೆಲವು ದಿನ ರಕ್ತದ ಸಕ್ಕರೆ ಏರುವುದರಿಂದ ಈ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ಕ್ಯಾನ್ಸರ್ ಚಿಕಿತ್ಸೆಗೆ ಬಳಸುವ ಯಂತ್ರದಿಂದ ಅಂಗೈಗೆ ಕಡಿಮೆ ಪ್ರಮಾಣದ ವಿಕಿರಣ ನೀಡುವ ಪದ್ಧತಿ ಜರ್ಮನಿ ಹಾಗೂ ಬ್ರಿಟನ್‌ನಲ್ಲಿದೆ. ವಾರದ ಐದು ದಿನ ಚಿಕಿತ್ಸೆ ಕೊಟ್ಟು, ಆರರಿಂದ ಹನ್ನೆರಡು ವಾರ ಬಿಟ್ಟು, ಮತ್ತೆ ಐದು ದಿನ ಕೊಡುವುದು ರೂಢಿ. ಇದು ಬೆಳೆಯುತ್ತಿರುವ ಗಂಟಿನ ಹಂತಕ್ಕೆ ಮಾತ್ರ. ಹುರಿ ಗಟ್ಟಿಯಾಗಿ ಬೆರಳು ಬಾಗಿದ ಮೇಲೆ ಪ್ರಯೋಜನವಿಲ್ಲ. ತಾನಾಗಿಯೇ ನಿಲ್ಲಬಹುದಾಗಿದ್ದ ಗಂಟಿಗೆ ವಿಕಿರಣ ಕೊಡಬೇಕೆ ಎಂಬ ಪ್ರಶ್ನೆಗೆ ತಜ್ಞರಲ್ಲಿ ಒಮ್ಮತವಿಲ್ಲ. ಚರ್ಮ ಒಣಗುವುದೂ, ದೂರದ ಭವಿಷ್ಯದಲ್ಲಿ ಅಲ್ಪ ಪ್ರಮಾಣದ ಕ್ಯಾನ್ಸರ್ ಅಪಾಯವೂ ಇರುವುದರಿಂದ ಕಿರಿಯ ವಯಸ್ಸಿನವರು ವಿಶೇಷವಾಗಿ ಯೋಚಿಸಬೇಕಾಗುತ್ತದೆ.

ಅಡಾಲಿಮುಮಾಬ್ ಎಂಬ ಔಷಧವನ್ನು ಗಂಟಿಗೆ ಮೂರು ತಿಂಗಳಿಗೊಮ್ಮೆ ನಾಲ್ಕು ಬಾರಿ ಚುಚ್ಚಿದಾಗ ಗಂಟು ಮೆತ್ತಗಾಗಿ ಕುಗ್ಗಿತೆಂದು ಬ್ರಿಟನ್ ಹಾಗೂ ನೆದರ್ಲೆಂಡ್ಸ್‌ನ ಪ್ರಯೋಗವೊಂದು 2022ರಲ್ಲಿ ವರದಿ ಮಾಡಿತು. ಬೆರಳು ಬಾಗುವುದನ್ನು ಅದು ತಡೆಯುವುದೆಂದು ಆ ಪ್ರಯೋಗ ಸಾಬೀತು ಮಾಡಿಲ್ಲ. ಸಾಮಾನ್ಯ ಚಿಕಿತ್ಸೆಯೆಂದು ಇದನ್ನು ಕೇಳಿ ಪಡೆಯುವ ಕಾಲ ಬಂದಿಲ್ಲ.

ಎಣ್ಣೆ ತಿಕ್ಕುವುದು, ರಾತ್ರಿ ಪಟ್ಟಿ ಕಟ್ಟುವುದು, ವಿಟಮಿನ್ ಮಾತ್ರೆ ಇವುಗಳಿಂದ ಹುರಿ ನಿಂತಿದ್ದಕ್ಕೆ ಒಳ್ಳೆಯ ಪುರಾವೆಯಿಲ್ಲ. ಬೆರಳನ್ನು ಬಲವಾಗಿ ಹಿಂದಕ್ಕೆ ಎಳೆಸುವುದು, ಗಂಟಿನ ಮೇಲೆ ಬರೆ ಹಾಕಿಸುವುದು, ಬ್ಲೇಡಿನಿಂದ ಕೆತ್ತಿಕೊಳ್ಳುವುದು ಕೂಡದು. ಬರೆಯ ಗಾಯ ಮಾಗಿ ಉಳಿಯುವ ಕಲೆ ತಾನೇ ಕುಗ್ಗಿ ಬೆರಳನ್ನು ಮತ್ತಷ್ಟು ಎಳೆಯುತ್ತದೆ.

ಹುರಿ ಮೂಡಿ ಬೆರಳು ಬಾಗಿದ ನಂತರ

ಬುಡದ ಗೆಣ್ಣು ಸುಮಾರು 30 ಡಿಗ್ರಿಯಷ್ಟು ಬಾಗಿದಾಗ, ಅಥವಾ ನಡುಗೆಣ್ಣು ಸ್ವಲ್ಪ ಬಾಗಿದರೂ, ಹುರಿಯನ್ನು ಬಿಡಿಸುವ ಚಿಕಿತ್ಸೆಯ ಬಗ್ಗೆ ನಿರ್ಧರಿಸುವ ಸಮಯ ಬಂದಂತಾಗುತ್ತದೆ. ಎರಡು ಗೆಣ್ಣುಗಳಿಗೆ ಬೇರೆ ಬೇರೆ ಅಳತೆ ಏಕೆಂಬ ಸಂದೇಹ ಬರಬಹುದು. ಬುಡದ ಗೆಣ್ಣು ಬಹುಕಾಲ ಬಾಗಿದ್ದರೂ ಹುರಿ ಬಿಡಿಸಿದಾಗ ಬಹುಮಟ್ಟಿಗೆ ನೇರವಾಗುತ್ತದೆ. ನಡುಗೆಣ್ಣು ಹಾಗಲ್ಲ, ಬಾಗಿಯೇ ಉಳಿದರೆ ಕೀಲಿನ ಸುತ್ತಲಿನ ಕಟ್ಟುಗಳೇ ಬಿಗಿದುಕೊಳ್ಳುತ್ತವೆ, ಆಮೇಲೆ ಹುರಿಯನ್ನು ಪೂರ್ತಿ ತೆಗೆದರೂ ಬೆರಳು ನೆಟ್ಟಗಾಗದು. ಕಾಯುವುದರಿಂದ ನಷ್ಟವಾಗುವುದು ಮುಖ್ಯವಾಗಿ ಇಲ್ಲಿಯೇ.

ಅಂಗೈಯಲ್ಲಿ ಹುರಿ ಕೈಗೆ ಸ್ಪಷ್ಟವಾಗಿ ಸಿಗುತ್ತಿದ್ದು ಬುಡದ ಗೆಣ್ಣು ಮಾತ್ರ ಬಾಗಿರುವವರಿಗೆ ಸೂಜಿಯಿಂದ ಹುರಿ ಬಿಡಿಸುವ ವಿಧಾನ ಸೂಕ್ತ. ಚರ್ಮಕ್ಕೆ ಮಾತ್ರ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಸಾಮಾನ್ಯ ಚುಚ್ಚುಮದ್ದಿನ ಸೂಜಿಯ ಚೂಪಾದ ತುದಿಯನ್ನೇ ಅಲಗಿನಂತೆ ಬಳಸಿ, ಹುರಿಯನ್ನು ಹಲವು ಕಡೆ ಅಡ್ಡವಾಗಿ ದುರ್ಬಲಗೊಳಿಸಿ ಬೆರಳನ್ನು ನೇರಕ್ಕೆ ಎಳೆಯಲಾಗುತ್ತದೆ. ಹುರಿ ತುಂಡಾಗುವ ಸದ್ದು ಕೇಳಿಸುವುದುಂಟು, ಗಾಬರಿಯಾಗಬೇಕಿಲ್ಲ. ಬೆರಳಿನ ತುದಿಗೆ ಜುಮ್ಮೆಂದರೆ ಕೂಡಲೇ ವೈದ್ಯರಿಗೆ ಹೇಳಬೇಕು, ಸೂಜಿ ನರದ ಸಮೀಪ ಬಂದಿರುವ ಸೂಚನೆ ಅದು. ಚರ್ಮ ಸ್ವಲ್ಪ ಸೀಳಬಹುದು. ಅದೇ ದಿನ ಮನೆಗೆ ಹೋಗಿ, ಕೆಲವೇ ದಿನಗಳಲ್ಲಿ ಹಗುರ ಕೆಲಸ ಮಾಡಬಹುದು. ಇದರ ಮಿತಿಯೂ ಅಷ್ಟೇ ಸ್ಪಷ್ಟ. 2012ರಲ್ಲಿ ಪ್ರಕಟವಾದ ಡಚ್ ಅಧ್ಯಯನದಲ್ಲಿ ಐದು ವರ್ಷಗಳೊಳಗೆ ಸೂಜಿ ವಿಧಾನದವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ, ಶಸ್ತ್ರಚಿಕಿತ್ಸೆಯವರಲ್ಲಿ ಸುಮಾರು 21 ಮಂದಿಗೆ ಬಾಗುವಿಕೆ ಮರಳಿತ್ತು. ಮರಳಿದಾಗ ಮತ್ತೆ ಸೂಜಿ ವಿಧಾನವನ್ನೇ ಮಾಡಿಸಿಕೊಳ್ಳಲು ಸಾಧ್ಯವಿದೆ.

ಶಸ್ತ್ರಚಿಕಿತ್ಸೆಯಲ್ಲಿ ಅಂಗೈ ಹಾಗೂ ಬೆರಳನ್ನು ತೆರೆದು ರೋಗಗ್ರಸ್ತ ಪೊರೆಯನ್ನು ತೆಗೆಯಲಾಗುತ್ತದೆ. ಗಾಯ ಮಾಗಲು ಎರಡು ಮೂರು ವಾರ, ಹಿಡಿತ ಮೊದಲಿನಂತಾಗಲು ಫಿಸಿಯೋಥೆರಪಿಯೊಂದಿಗೆ ಕೆಲವು ತಿಂಗಳು ಬೇಕು. ನರಕ್ಕೆ ಪೆಟ್ಟು, ರಕ್ತ ಕಟ್ಟುವುದು, ಸೋಂಕು, ಬಿಗಿತ ಇದರ ತೊಂದರೆಗಳು. ಹುರಿಯನ್ನು ಕರಗಿಸುವ ಕೊಲಾಜಿನೇಸ್ ಚುಚ್ಚುಮದ್ದಿನ ಬಗ್ಗೆ ಪತ್ರಿಕೆಗಳಲ್ಲಿ ಓದಿದವರು ಕೇಳುವುದುಂಟು. ಅಮೆರಿಕದಲ್ಲಿ 2010ರಲ್ಲಿ ಅದಕ್ಕೆ ಅನುಮತಿ ದೊರೆಯಿತು; ಯುರೋಪಿನ ಮಾರುಕಟ್ಟೆಯಿಂದ ಕಂಪನಿಯೇ 2020ರಲ್ಲಿ ಹಿಂತೆಗೆದುಕೊಂಡಿತು.

ಒಂದು ಉದಾಹರಣೆ

ತಿಳಿವಳಿಕೆಗಾಗಿ ಕಲ್ಪಿತ ಉದಾಹರಣೆಯೊಂದನ್ನು ಪರಿಶೀಲಿಸಬಹುದು. ಕುಂದಾಪುರದ ಹೆಂಚಿನ ಕಾರ್ಖಾನೆಯೊಂದರಲ್ಲಿ ದುಡಿದ 57 ವರ್ಷದ ವ್ಯಕ್ತಿಗೆ ಬಲ ಅಂಗೈಯಲ್ಲಿ ಗಂಟು ಕಾಣಿಸಿತು. ಕೈ ಮೇಜಿಗೆ ಪೂರ್ತಿ ತಾಗುತ್ತಿತ್ತು, ಸ್ಪರ್ಶ ಸರಿಯಿತ್ತು. ಪರೀಕ್ಷೆಯಲ್ಲಿ ಸಕ್ಕರೆ ಕಾಯಿಲೆ ಇರುವುದು ಗೊತ್ತಾಗಿ ಅದರ ಮಾತ್ರೆ ಆರಂಭವಾಯಿತು. ಅಂಗೈಗೆ ಯಾವ ಚಿಕಿತ್ಸೆಯನ್ನೂ ಕೊಡದೆ ಆರು ತಿಂಗಳಿಗೊಮ್ಮೆ ಬರಲು ತಿಳಿಸಲಾಯಿತು. ಹದಿನೆಂಟನೆಯ ತಿಂಗಳಿಗೆ ಬುಡದ ಗೆಣ್ಣು 15 ಡಿಗ್ರಿ ಬಾಗಿತ್ತು. ಅನ್ನ ಕಲಸುವುದಕ್ಕೆ, ಸ್ಕೂಟರ್ ಹಿಡಿಯುವುದಕ್ಕೆ ಅಡ್ಡಿಯಿರಲಿಲ್ಲವಾದ್ದರಿಂದ ಕಾಯಲಾಯಿತು. ಮೂವತ್ತನೆಯ ತಿಂಗಳಿಗೆ ಅದು 35 ಡಿಗ್ರಿಯಾಗಿ, ತುತ್ತು ಎತ್ತುವಾಗ ಬೆರಳು ಅಂಗೈಗೆ ಅಡ್ಡ ಬರತೊಡಗಿತು. ನಡುಗೆಣ್ಣು ಇನ್ನೂ ನೇರವಾಗಿಯೇ ಇತ್ತು. ಈ ವ್ಯಕ್ತಿಗೆ ಸೂಜಿ ವಿಧಾನ ಹೊಂದುತ್ತದೆ. ಇದೇ ವ್ಯಕ್ತಿ ಹದಿನೆಂಟನೆಯ ತಿಂಗಳ ನಂತರ ಬರುವುದನ್ನು ಬಿಟ್ಟು, ನಡುಗೆಣ್ಣು 50 ಡಿಗ್ರಿ ಮಡಚಿದ ಮೇಲೆ ಬಂದಿದ್ದರೆ ಉಳಿಯುತ್ತಿದ್ದುದು ದೊಡ್ಡ ಶಸ್ತ್ರಚಿಕಿತ್ಸೆ ಮಾತ್ರ. ಅದರ ನಂತರವೂ ಬೆರಳು ಪೂರ್ತಿ ನೇರವಾಗುವ ಭರವಸೆಯನ್ನು ವೈದ್ಯರು ಕೊಡಲಾರರು.

ಎಲ್ಲಿ ತೋರಿಸಬೇಕು, ಏನನ್ನು ಒಯ್ಯಬೇಕು

ಮೊದಲ ಪರೀಕ್ಷೆಗೆ ಹಾಗೂ ರಕ್ತದ ಸಕ್ಕರೆ ತಪಾಸಣೆಗೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ, ಬೈಂದೂರು ಹಾಗೂ ಬ್ರಹ್ಮಾವರದ ಸಮುದಾಯ ಆರೋಗ್ಯ ಕೇಂದ್ರ ಅಥವಾ ಕುಂದಾಪುರದ ಸರ್ಕಾರಿ ಆಸ್ಪತ್ರೆಗೆ ಹೋಗಬಹುದಾಗಿದೆ. ತಜ್ಞರ ಅಭಿಪ್ರಾಯ ಬೇಕಾದಲ್ಲಿ ಅಲ್ಲಿಂದ ಉಡುಪಿಯ ಜಿಲ್ಲಾ ಆಸ್ಪತ್ರೆಗೆ ಕಳುಹಿಸಲಾಗುತ್ತದೆ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಮೂಳೆ ಹಾಗೂ ಕೀಲು, ಪ್ಲಾಸ್ಟಿಕ್ ಸರ್ಜರಿ ವಿಭಾಗಗಳಿವೆ. ಗಂಟಿನ ಹಂತದಲ್ಲಿ ತುರ್ತು ಇಲ್ಲವಾದ್ದರಿಂದ ಸಾಲು ತಪ್ಪಿಸಿ ನೇರವಾಗಿ ದೊಡ್ಡ ಆಸ್ಪತ್ರೆಗೆ ಓಡುವುದರಿಂದ ವಿಶೇಷ ಲಾಭವಿಲ್ಲ.

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಚಿಕಿತ್ಸೆ ಬಯಸುವವರು ತುರ್ತಲ್ಲದ ಇಂತಹ ಸಂದರ್ಭದಲ್ಲಿ ಮೊದಲು ಸರ್ಕಾರಿ ಆಸ್ಪತ್ರೆಗೆ ಬರತಕ್ಕದ್ದು. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದಲ್ಲಿ ನೀಡುವ ಶಿಫಾರಸು ಪತ್ರದ ಆಧಾರದ ಮೇಲೆ ಮಾತ್ರ ನೋಂದಾಯಿತ ಖಾಸಗಿ ಆಸ್ಪತ್ರೆಯಲ್ಲಿ ಸೌಲಭ್ಯ ದೊರೆಯುತ್ತದೆ. ಪತ್ರವಿಲ್ಲದೆ ಮೊದಲೇ ದಾಖಲಾಗಿ ನಂತರ ಕೇಳಿದರೆ ಕಷ್ಟವಾಗುತ್ತದೆ. ವೈದ್ಯರು ಸೂಚಿಸಿದ ವಿಧಾನ ಯೋಜನೆಯ ಪಟ್ಟಿಯಲ್ಲಿ ಇದೆಯೇ ಎಂಬುದನ್ನು ದಿನ ನಿಗದಿಪಡಿಸುವ ಮುನ್ನ ಆಸ್ಪತ್ರೆಯ ಆರೋಗ್ಯ ಮಿತ್ರರಲ್ಲಿ ವಿಚಾರಿಸಬೇಕು. ಹೊರರೋಗಿಯಾಗಿ ಮಾಡುವ ಸೂಜಿ ವಿಧಾನಕ್ಕೂ ಒಳರೋಗಿಯಾಗಿ ಮಾಡುವ ಶಸ್ತ್ರಚಿಕಿತ್ಸೆಗೂ ನಿಯಮ ಒಂದೇ ಆಗಿರಬೇಕೆಂದಿಲ್ಲ.

ಆಧಾರ್ ಕಾರ್ಡ್, ಪಡಿತರ ಚೀಟಿ, ಹಳೆಯ ಚೀಟಿಗಳು, ಸೇವಿಸುತ್ತಿರುವ ಎಲ್ಲ ಮಾತ್ರೆಗಳ ಹಾಳೆ, ದಿನಾಂಕ ಸಹಿತ ಕೈಯ ಚಿತ್ರಗಳು ಇವನ್ನು ತರುವುದು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿರುವವರು ಚುಚ್ಚುಮದ್ದು ಅಥವಾ ಸೂಜಿ ಚಿಕಿತ್ಸೆಗೆ ಮುನ್ನ ಅದನ್ನು ತಪ್ಪದೆ ಹೇಳಬೇಕು. ಬೆರಳಿನಲ್ಲಿ ಉಂಗುರವಿದ್ದರೆ ಅದು ಸುಲಭವಾಗಿ ಹೊರಬರುತ್ತಿರುವಾಗಲೇ ತೆಗೆದಿಡುವುದು. ನಡುಗೆಣ್ಣು ಬಾಗಿದ ಮೇಲೆ ಅದನ್ನು ಕತ್ತರಿಸಿಯೇ ತೆಗೆಯಬೇಕಾಗಬಹುದು.